ಕ್ರಮ ಚೆನ್ನಾಗಿದೆ, ಆದರೆ ಆ ಹೇಳಿಕೆಗೆ ಸೇರಿದ್ದಾ?

ಪ್ರಶ್ನೆ: ಹೇಳಿಕೆ ಮತ್ತು ಕ್ರಮ ಪ್ರಶ್ನೆಗಳಲ್ಲಿ ನನಗೆ ಯಾವಾಗಲೂ ಎಲ್ಲಾ ಕ್ರಮಗಳೂ ಸರಿ ಅನ್ನಿಸುತ್ತೆ. ಕೀ ಆನ್ಸರ್ ನೋಡಿದ್ರೆ ಒಂದೇ ಸರಿ ಇರುತ್ತೆ. ‘ನಿಷೇಧಿಸಬೇಕು’ ಅಂತ ಇದ್ರೆ ತಪ್ಪು ಅಂತ ಫ್ರೆಂಡ್ಸ್ ಹೇಳ್ತಾರೆ, ಅದೂ ಕೆಲವು ಸಲ ಕೈ ಕೊಡುತ್ತೆ. ಹೇಗೆ ತೀರ್ಮಾನ ಮಾಡೋದು? ನಾನು ಮದ್ದೂರಿನ ಕಡೆಯವನು, ಬ್ಯಾಂಕ್ ಪರೀಕ್ಷೆಗೆ ಓದ್ತಾ ಇದ್ದೀನಿ.

ಉತ್ತರ: ನಾನು ಮೈಸೂರಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ರೀಸನಿಂಗ್ ಹೇಳಿಕೊಡುತ್ತೇನೆ. ನೀವು ಮದ್ದೂರಿನ ಕಡೆಯವರು ಅಂದಿದ್ದರಿಂದ ನಿಮ್ಮ ಊರಿನ ವಿಷಯದಲ್ಲೇ ಒಂದು ಪ್ರಶ್ನೆ ಕಟ್ಟಿದ್ದೇನೆ. ಗೊತ್ತಿರುವ ವಿಷಯ ಬಂದಾಗಲೇ ಈ ಪ್ರಶ್ನೆಗಳಲ್ಲಿ ಜಾಸ್ತಿ ಜನ ಎಡವುತ್ತಾರೆ.

ಹೇಳಿಕೆ: ಕೆಆರ್‌ಎಸ್ ಅಣೆಕಟ್ಟೆಯಿಂದ ವಿ.ಸಿ. ನಾಲೆಗೆ ನೀರು ಬಿಟ್ಟು ಹತ್ತು ದಿನವಾದರೂ ಕೊನೆ ಭಾಗದ ಹಳ್ಳಿಗಳಿಗೆ ನೀರು ತಲುಪಿಲ್ಲ. ನಾಟಿ ಮಾಡಿದ ಭತ್ತ ಒಣಗುತ್ತಿದೆ.

ಕ್ರಮ 1: ನೀರಾವರಿ ಎಂಜಿನಿಯರ್‌ಗಳು ನಾಲೆಯನ್ನು ಕೂಡಲೇ ಪರಿಶೀಲಿಸಿ, ನೀರು ಯಾಕೆ ತಲುಪುತ್ತಿಲ್ಲ ಎಂದು ಕಂಡುಹಿಡಿದು ಸರಿಪಡಿಸಬೇಕು.

ಕ್ರಮ 2: ಮೇಲ್ಭಾಗದಲ್ಲಿ ನಾಲೆಗೆ ಅಕ್ರಮವಾಗಿ ಪಂಪ್‌ಸೆಟ್ ಇಟ್ಟವರ ಮೇಲೆ ಕೇಸ್ ಹಾಕಬೇಕು.

ಕ್ರಮ 3: ಕೊನೆ ಭಾಗದಲ್ಲಿ ಭತ್ತ ಬೆಳೆಯುವುದನ್ನು ಸರ್ಕಾರ ನಿಷೇಧಿಸಬೇಕು.

ಉತ್ತರ: 1 ಮಾತ್ರ.

ಮಂಡ್ಯದ ಕಡೆಯವರು ಇಲ್ಲಿ 2ನ್ನೂ ಸೇರಿಸಿಬಿಡುತ್ತಾರೆ. ‘ಸಾರ್, ಮೇಲಿನವರು ಮೋಟಾರ್ ಇಟ್ಟು ಎಳೆಯುತ್ತಾರೆ, ಅದು ಎಲ್ಲರಿಗೂ ಗೊತ್ತು’ ಎನ್ನುತ್ತಾರೆ. ಗೊತ್ತಿರಬಹುದು. ಆದರೆ ಹೇಳಿಕೆಯಲ್ಲಿ ಮೋಟಾರ್ ಎಲ್ಲಿದೆ? ನೀರು ತಲುಪಿಲ್ಲ ಎಂದಷ್ಟೇ ಇದೆ. ನಾಲೆಯಲ್ಲಿ ಹೂಳು ತುಂಬಿರಬಹುದು. ಎಲ್ಲೋ ಏರಿ ಒಡೆದಿರಬಹುದು. ತೂಬು ಕೆಟ್ಟಿರಬಹುದು. ಬಿಟ್ಟ ನೀರೇ ಕಡಿಮೆ ಇರಬಹುದು. ಇವೆಲ್ಲವೂ ಹೇಳಿಕೆಗೆ ಅಷ್ಟೇ ಚೆನ್ನಾಗಿ ಹೊಂದುತ್ತವೆ. ಎರಡನೆಯ ಕ್ರಮ ಅವುಗಳಲ್ಲಿ ಒಂದೇ ಕಾರಣವನ್ನು ತಾನಾಗಿಯೇ ಆರಿಸಿಕೊಂಡು ಕೇಸ್ ಹಾಕಲು ಹೊರಟಿದೆ. ಕಾರಣ ಹೂಳಾಗಿದ್ದರೆ ಎಷ್ಟು ಕೇಸ್ ಹಾಕಿದರೂ ಕೊನೆಯ ಗದ್ದೆಗೆ ನೀರು ಬರುವುದಿಲ್ಲ. ಮೊದಲನೆಯದು ಹಾಗಲ್ಲ. ಕಾರಣ ಏನೇ ಇರಲಿ, ಅದು ಕೆಲಸಕ್ಕೆ ಬರುತ್ತದೆ.

ಈಗ ಹೇಳಿಕೆಗೆ ಒಂದೇ ವಾಕ್ಯ ಸೇರಿಸಿ: ‘ಅಧಿಕಾರಿಗಳು ಪರಿಶೀಲಿಸಿದಾಗ, ಮೇಲ್ಭಾಗದಲ್ಲಿ ಅಕ್ರಮ ಪಂಪ್‌ಸೆಟ್‌ಗಳಿಂದ ನೀರೆತ್ತುತ್ತಿರುವುದೇ ಇದಕ್ಕೆ ಕಾರಣ ಎಂದು ಖಚಿತವಾಗಿದೆ.’ ಕ್ರಮಗಳ ಒಂದು ಅಕ್ಷರವನ್ನೂ ಮುಟ್ಟಿಲ್ಲ. ಆದರೂ ಉತ್ತರ ತಿರುಗಿಬಿಟ್ಟಿತು. ಈಗ 2 ಸರಿ. 1 ಬಿದ್ದುಹೋಯಿತು, ಯಾಕೆಂದರೆ ಕಾರಣ ಆಗಲೇ ಸಿಕ್ಕಿದೆ, ಮತ್ತೆ ಹುಡುಕಲು ಹೊರಟರೆ ಭತ್ತ ಇನ್ನಷ್ಟು ಒಣಗುತ್ತದೆ. ಒಂದು ಕ್ರಮ ಒಳ್ಳೆಯದೋ ಕೆಟ್ಟದೋ ಎಂದು ಅದನ್ನೊಂದನ್ನೇ ನೋಡಿ ಹೇಳಲು ಬರುವುದಿಲ್ಲ. ನಿಮಗೆ ಎಲ್ಲವೂ ಸರಿ ಅನ್ನಿಸುವುದು ಬಹುಶಃ ಇದಕ್ಕೇ. ಕ್ರಮಗಳನ್ನು ಓದುವಾಗ ಹೇಳಿಕೆಯನ್ನು ಬಿಟ್ಟುಬಿಟ್ಟಿರುತ್ತೀರಿ. ಕೇಸ್ ಹಾಕುವುದು ನ್ಯಾಯವೇ, ಪರಿಶೀಲಿಸುವುದು ಒಳ್ಳೆಯದೇ. ಅದು ಪ್ರಶ್ನೆಯಲ್ಲ.

ಹಾಗಂತ ಲೋಕಜ್ಞಾನವನ್ನೆಲ್ಲ ಹೊರಗಿಟ್ಟು ಕೂರಬೇಕು ಅಂತಲ್ಲ. ಇಲ್ಲಿ ಒಂದು ಗೆರೆ ಇದೆ. ಏನಾಗಿದೆ, ಯಾಕಾಗಿದೆ, ಯಾರು ಮಾಡಿದರು ಎನ್ನುವುದು ಹೇಳಿಕೆಯಿಂದಲೇ ಬರಬೇಕು. ಆದರೆ ನಾಲೆ ನೋಡಿಕೊಳ್ಳುವುದು ನೀರಾವರಿ ಇಲಾಖೆ, ನಾಟಿ ಮಾಡಿದ ಭತ್ತ ನೀರಿಲ್ಲದೆ ಬಹಳ ದಿನ ನಿಲ್ಲುವುದಿಲ್ಲ, ಇಂಥ ಸಾಮಾನ್ಯ ತಿಳಿವಳಿಕೆ ಬೇಕೇ ಬೇಕು. ಅದಿಲ್ಲದೆ ಒಂದು ಕ್ರಮ ನಡೆಯುವಂಥದ್ದೋ ಅಲ್ಲವೋ ಎಂದು ಅಳೆಯಲು ಆಗುವುದಿಲ್ಲ. ‘ಕೆಆರ್‌ಎಸ್ ಅಣೆಕಟ್ಟೆಯನ್ನು ಎತ್ತರಿಸಬೇಕು’ ಎಂದು ಇನ್ನೊಂದು ಕ್ರಮ ಕೊಟ್ಟಿದ್ದರೆ ಈ ತಿಳಿವಳಿಕೆಯಿಂದಲೇ ಅದನ್ನು ಹೊಡೆದು ಹಾಕುತ್ತೀರಿ. ಗದ್ದೆ ಇವತ್ತು ಒಣಗುತ್ತಿದೆ. ಅಣೆಕಟ್ಟೆ ಎತ್ತರಿಸುವುದು ವರ್ಷಗಟ್ಟಲೆಯ ಕೆಲಸ. ಅಷ್ಟೇ ಅಲ್ಲ, ಜಲಾಶಯದಲ್ಲಿ ನೀರಿಲ್ಲ ಎಂದು ಹೇಳಿಕೆ ಹೇಳಿಯೇ ಇಲ್ಲ.

ಮೂರನೆಯ ಕ್ರಮಕ್ಕೆ ಬರೋಣ. ಅದು ತಪ್ಪಾಗಿದ್ದು ‘ನಿಷೇಧ’ ಎಂಬ ಪದ ಇರುವುದರಿಂದ ಅಲ್ಲ. ನೀರು ಸಿಗದೆ ನಷ್ಟ ಆಗುತ್ತಿರುವವರ ಬೆಳೆಯನ್ನೇ ಕಿತ್ತುಕೊಳ್ಳುತ್ತದೆ, ಈಗ ಗದ್ದೆಯಲ್ಲಿರುವ ಭತ್ತಕ್ಕೆ ಏನನ್ನೂ ಮಾಡುವುದಿಲ್ಲ. ಅದಕ್ಕೇ ತಪ್ಪು. ಇದನ್ನೇ ಸ್ವಲ್ಪ ಮೆತ್ತಗೆ ಮಾಡಿ, ‘ಕಡಿಮೆ ನೀರಿನ ಬೆಳೆ ಬೆಳೆಯುವಂತೆ ರೈತರಿಗೆ ತಿಳಿಹೇಳಬೇಕು’ ಎಂದು ಕೊಟ್ಟರೂ ಈ ಹೇಳಿಕೆಗೆ ಅದು ಸೇರುವುದಿಲ್ಲ. ಓದಲು ಎಷ್ಟು ಹಿತವಾಗಿದೆ ನೋಡಿ! ಆದರೆ ನಮ್ಮ ಹೇಳಿಕೆಯಲ್ಲಿ ನೀರಿನ ಕೊರತೆಯ ಮಾತೇ ಇಲ್ಲ. ಬಿಟ್ಟ ನೀರು ಬಂದು ಮುಟ್ಟಿಲ್ಲ, ಅಷ್ಟೇ. ಬೇಕಾದರೆ ಹೇಳಿಕೆ ಬದಲಿಸಿ: ‘124.80 ಅಡಿಯ ಕೆಆರ್‌ಎಸ್‌ನಲ್ಲಿ ನೀರು 80 ಅಡಿಗೆ ಇಳಿದಿದೆ. ಈ ಹಂಗಾಮಿಗೆ ಭತ್ತಕ್ಕೆ ನೀರು ಕೊಡಲಾಗದು ಎಂದು ತೀರ್ಮಾನವಾಗಿದೆ, ಇನ್ನೂ ನಾಟಿ ಶುರುವಾಗಿಲ್ಲ.’ ಈಗ ರಾಗಿ, ಹುರುಳಿ ಹಾಕಿ ಎಂದು ತಿಳಿಹೇಳುವುದು ಪೂರ್ತಿ ಸರಿ.

ನಿಮ್ಮ ಫ್ರೆಂಡ್ಸ್ ಹೇಳಿದ ಸೂತ್ರ ಎಲ್ಲಿ ಕೈ ಕೊಡುತ್ತದೆ ಎನ್ನುವುದಕ್ಕೂ ಒಂದು ಉದಾಹರಣೆ. ಹೇಳಿಕೆ: ‘ಒಂದು ಆಲೆಮನೆಯ ಬೆಲ್ಲದಲ್ಲಿ ಆರೋಗ್ಯಕ್ಕೆ ಹಾನಿ ಮಾಡುವ ರಾಸಾಯನಿಕ ಇರುವುದು ಲ್ಯಾಬ್ ಪರೀಕ್ಷೆಯಲ್ಲಿ ಖಚಿತವಾಗಿದೆ.’ ಒಂದು ಕ್ರಮ, ಆ ಆಲೆಮನೆಯ ಬೆಲ್ಲದ ಮಾರಾಟ ನಿಷೇಧಿಸಬೇಕು. ಇನ್ನೊಂದು, ಜಿಲ್ಲೆಯ ಎಲ್ಲಾ ಆಲೆಮನೆ ಮುಚ್ಚಿಸಬೇಕು. ಎರಡೂ ತಡೆಯುವ ಕ್ರಮಗಳೇ. ಮೊದಲನೆಯದು ಸರಿ, ಎರಡನೆಯದು ತಪ್ಪು. ನಿಷೇಧ ಎಂದು ಕಂಡಾಗ ಅದು ಹೇಳಿಕೆಯಲ್ಲಿ ಖಚಿತವಾಗಿರುವ ತೊಂದರೆಯ ಅಳತೆಯಲ್ಲೇ ಇದೆಯಾ, ಅದನ್ನು ಮೀರಿ ಹೋಗಿದೆಯಾ ಎಂದು ನೋಡಿ. ‘ಖಚಿತವಾಗಿದೆ’ ಎನ್ನುವ ಕಡೆ ‘ಎಂದು ಕೆಲವರು ದೂರಿದ್ದಾರೆ’ ಎಂದಿದ್ದರೆ ಮೊದಲನೆಯದೂ ನಿಲ್ಲುವುದಿಲ್ಲ. ಆಗ ಮಾದರಿ ತೆಗೆದು ಪರೀಕ್ಷಿಸುವುದೇ ಸರಿಯಾದ ಕ್ರಮ. ಹೇಳಿಕೆಯ ಕೊನೆಯ ಕ್ರಿಯಾಪದವನ್ನು ದಯವಿಟ್ಟು ನಿಧಾನವಾಗಿ ಓದಿ. ಸುಮಾರು ಪ್ರಶ್ನೆಗಳ ಕೀಲಿ ಅಲ್ಲೇ ಇರುತ್ತದೆ.

‘ಎರಡೂ ಸರಿ’ ಮತ್ತು ‘ಎರಡರಲ್ಲಿ ಒಂದು ಸರಿ’ ಎಂಬ ಉತ್ತರದ ಆಯ್ಕೆಗಳ ನಡುವೆಯೂ ಗೊಂದಲ ಆಗುತ್ತದೆ, ಅಲ್ವಾ? ಎರಡು ಕ್ರಮಗಳೂ ಬೇರೆ ಬೇರೆಯಾಗಿ ಕೆಲಸ ಮಾಡುತ್ತವೆ ಎಂದು ಗೊತ್ತಾದ ಮೇಲೆ, ಒಟ್ಟಿಗೆ ಮಾಡಲು ಸಾಧ್ಯವಾ ಎಂದು ಕೇಳಿಕೊಳ್ಳಿ. ಇರುವ ಸ್ವಲ್ಪ ನೀರಿನಲ್ಲಿ ನಿಂತ ಬೆಳೆ ಉಳಿಸಬೇಕು ಎಂದುಕೊಳ್ಳಿ. ಕಟ್ಟು ಪದ್ಧತಿಯಲ್ಲಿ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಬಹುದು. ಇಲ್ಲವೇ ಕಡಿಮೆ ಪ್ರಮಾಣದಲ್ಲಿ ದಿನವೂ ಬಿಡಬಹುದು. ಒಂದೇ ನಾಲೆಯಲ್ಲಿ ಎರಡನ್ನೂ ಒಟ್ಟಿಗೆ ಮಾಡಲು ಬರುವುದಿಲ್ಲ. ಅಲ್ಲಿ ‘ಎರಡರಲ್ಲಿ ಒಂದು’. ಒಡೆದ ಏರಿ ಕಟ್ಟುವುದು, ಬೆಳೆ ಹಾಳಾದವರಿಗೆ ಪರಿಹಾರ ಕೊಡುವುದು, ಇವು ಒಂದಕ್ಕೊಂದು ಅಡ್ಡ ಬರುವುದಿಲ್ಲ. ಅಲ್ಲಿ ‘ಎರಡೂ’.

ಅಭ್ಯಾಸಕ್ಕೆ ಸುಮ್ನೆ ನೂರಾರು ಪ್ರಶ್ನೆ ಬಿಡಿಸುವುದರ ಬದಲು, ನೀವು ತಪ್ಪು ಮಾಡಿದ ಪ್ರಶ್ನೆಗಳನ್ನೇ ಎತ್ತಿಕೊಳ್ಳಿ. ಕೀ ಆನ್ಸರ್ ತಳ್ಳಿಹಾಕಿದ ಕ್ರಮದ ಪಕ್ಕದಲ್ಲಿ, ಹೇಳಿಕೆಗೆ ಯಾವ ವಾಕ್ಯ ಸೇರಿದರೆ ಈ ಕ್ರಮ ಸರಿಯಾಗುತ್ತದೆ ಎಂದು ಬರೆಯಿರಿ. ಆ ವಾಕ್ಯವೇ ನೀವು ಮನಸ್ಸಿನಲ್ಲಿ ಸೇರಿಸಿಕೊಂಡು ಓದಿದ್ದು. ಯಾವ ವಾಕ್ಯ ಸೇರಿಸಿದರೂ ಕ್ರಮ ನಿಲ್ಲದಿದ್ದರೆ ಅದು ಭತ್ತ ನಿಷೇಧದ ಜಾತಿಗೆ ಸೇರಿದ್ದು. ಬರೆದ ಮೇಲೂ ಯಾವುದಾದರೂ ಕೀ ಆನ್ಸರ್ ಒಪ್ಪಿಗೆಯಾಗದಿದ್ದರೆ ಆ ಪ್ರಶ್ನೆಯನ್ನು ಇಲ್ಲೇ ಹಾಕಿ, ಬಿಡಿಸೋಣ. ಎರಡು ಗೈಡ್‌ಗಳು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುವುದನ್ನು ನಾನೂ ನೋಡಿದ್ದೇನೆ.