ನಿರಾಕರಣೆಯ ಮಾತಿಗಿಂತ ಸಂದರ್ಶನದ ಕೊನೆಯ ಪ್ರಶ್ನೆಯನ್ನು ನೋಡಿ

ಪ್ರಶ್ನೆ: ಬಿ.ಕಾಂ. ಮುಗಿಸಿ ಮೂರು ವರ್ಷ ಅಕೌಂಟ್ಸ್ ಕೆಲಸ ಮಾಡಿದ್ದೇನೆ. ಏಳು ತಿಂಗಳಿಂದ ಬೆಂಗಳೂರಿನಲ್ಲಿ ಎಷ್ಟು ಸಂದರ್ಶನ ಕೊಟ್ಟರೂ ಆಗುತ್ತಿಲ್ಲ. ಒಬ್ಬರು ಅನುಭವ ಸಾಲದು ಅಂದರು, ಮೂವರು ಕಮ್ಯುನಿಕೇಶನ್ ಸುಧಾರಿಸಿಕೊಳ್ಳಿ ಅಂದರು. ಯಾವುದನ್ನು ನಂಬಲಿ? ಈಗೀಗ ಸಂದರ್ಶನಕ್ಕೆ ಕರೆ ಬಂದರೇ ಕೈ ನಡುಗುತ್ತದೆ.

ಶಿವಮೊಗ್ಗದ ಒಂದು ಸಗಟು ವ್ಯಾಪಾರದ ಕಚೇರಿಯಲ್ಲಿ ನಾಲ್ಕು ವರ್ಷ ಲೆಕ್ಕ ಬರೆದು, ಬೆಂಗಳೂರಿನಲ್ಲಿ ಅಕೌಂಟ್ಸ್ ಎಕ್ಸಿಕ್ಯೂಟಿವ್ ಕೆಲಸ ಹುಡುಕಲು ಹೊರಟಾಗ ನನಗೂ ಇವೇ ಎರಡು ಮಾತುಗಳು ಸಿಕ್ಕಿದ್ದವು. ಐದು ತಿಂಗಳಲ್ಲಿ 38 ಅರ್ಜಿ ಹಾಕಿದ್ದೆ. ಇಂಗ್ಲಿಷ್ ಮಾತನಾಡಲು ಕಲಿಸುವ ತರಗತಿಗೆ ಶುಲ್ಕ ಕಟ್ಟುವುದೊಂದೇ ಬಾಕಿ ಇತ್ತು. ಕಟ್ಟುವ ಮೊದಲು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಆವರೆಗಿನ ಎಲ್ಲ ಅರ್ಜಿಗಳ ಲೆಕ್ಕ ಬರೆದು ನೋಡಿದ್ದರಿಂದ ಆ ಹಣ ಉಳಿಯಿತು.

ನಾವು ಲೆಕ್ಕ ಬರೆಯುವವರು ವೋಚರಿನ ಕೆಳಗೆ ಯಾರೋ ಗೀಚಿದ ವಿವರಣೆಯನ್ನು ನಂಬಿ ಖಾತೆಗೆ ಹಾಕುವುದಿಲ್ಲ, ಬಿಲ್ಲನ್ನು ನೋಡಿ ಹಾಕುತ್ತೇವೆ. ನಿರಾಕರಣೆಯ ಇ-ಮೇಲ್ ಕೂಡ ಅಂಥದೇ ಒಂದು ವಿವರಣೆ. ಅದರ ಬಹುಪಾಲು ವಾಕ್ಯಗಳು ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಹೋಗುತ್ತವೆ, ಮತ್ತು ಅದನ್ನು ಕಳಿಸುವ ಎಚ್.ಆರ್. ಸಿಬ್ಬಂದಿ ಅನೇಕ ಸಲ ಸಂದರ್ಶನದ ಕೋಣೆಯಲ್ಲಿ ಇದ್ದವರೇ ಅಲ್ಲ. ಬಿಲ್ಲು ಎಂದರೆ ನಿಜವಾಗಿ ನಡೆದ ಸಂಗತಿ: ಅರ್ಜಿ ಯಾವ ದಾರಿಯಿಂದ ಹೋಯಿತು, ಯಾವ ಹಂತದಲ್ಲಿ ನಿಂತಿತು, ಮಾತು ತಣ್ಣಗಾಗುವ ಮೊದಲು ಕೇಳಿದ ಕೊನೆಯ ಗಟ್ಟಿ ಪ್ರಶ್ನೆ ಯಾವುದು. ಈ ಮೂರಕ್ಕೆ ಒಂದೊಂದು ಕಾಲಂ ಹಾಕಿ, ಅವರು ಕೊಟ್ಟ ಕಾರಣವನ್ನು ನಾಲ್ಕನೆಯ ಕಾಲಮಿನಲ್ಲಿ ಅವರದೇ ಮಾತಿನಲ್ಲಿ ಬರೆದೆ.

ಮೊದಲು ಕಂಡದ್ದು ದಾರಿಯ ವ್ಯತ್ಯಾಸ. ಉದ್ಯೋಗದ ಜಾಲತಾಣಗಳ ಮೂಲಕ ಹಾಕಿದ 30 ಅರ್ಜಿಗಳಿಗೆ ಐದು ಕರೆ ಬಂದಿದ್ದವು. ಪರಿಚಯದ ಆಡಿಟರುಗಳು ಮತ್ತು ಹಳೆಯ ಸಹಪಾಠಿಗಳು ಮುಟ್ಟಿಸಿದ ಎಂಟಕ್ಕೆ ಏಳು ಕರೆ ಬಂದಿದ್ದವು. ರೆಸ್ಯೂಮೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಾಗಾಗಿ, ಉತ್ತರವೇ ಬಾರದ ಇಪ್ಪತ್ತಾರು ಅರ್ಜಿಗಳನ್ನು ನನ್ನ ಯೋಗ್ಯತೆಯ ಮೇಲೆ ಬಂದ ತೀರ್ಪೆಂದು ಐದು ತಿಂಗಳು ಹೊತ್ತುಕೊಂಡು ತಿರುಗಿದ್ದು ತಪ್ಪು ಎಂದು ಅಲ್ಲಿಯೇ ಗೊತ್ತಾಯಿತು. ಅವುಗಳಲ್ಲಿ ಎಷ್ಟನ್ನು ಯಾರಾದರೂ ತೆರೆದು ನೋಡಿದ್ದರೋ ತಿಳಿಯುವ ಬಗೆಯೇ ಇಲ್ಲ.

ಕರೆ ಬಂದ ಹನ್ನೆರಡರಲ್ಲಿ ನಾಲ್ಕು ಸಂಬಳದ ನಿರೀಕ್ಷೆ ಮತ್ತು ನೋಟಿಸ್ ಅವಧಿಯ ಮಾತಿನಲ್ಲೇ ಫೋನಿನಲ್ಲಿ ಮುಗಿದಿದ್ದವು. ಉಳಿದ ಎಂಟರಲ್ಲಿ ಒಂದು ಹುದ್ದೆಯನ್ನು ಅವರೇ ಕೈಬಿಟ್ಟರು. ಏಳು ಕಡೆ ಅಕೌಂಟ್ಸ್ ಮ್ಯಾನೇಜರ್ ಎದುರು ಕುಳಿತು ನಿರಾಕರಣೆ ಪಡೆದಿದ್ದೆ, ಅಂದರೆ ತೂತು ಇದ್ದದ್ದು ಅಲ್ಲಿ. ಆ ಏಳರ ನಾಲ್ಕನೆಯ ಕಾಲಂ ಗೊಂದಲದ ಗೂಡು: ಮೂವರ ಪ್ರಕಾರ ಅನುಭವ ಸಾಲದು, ಇಬ್ಬರ ಪ್ರಕಾರ ಕಮ್ಯುನಿಕೇಶನ್ ಸಾಲದು, ಮಿಕ್ಕ ಇಬ್ಬರದು ಬರೀ ಧನ್ಯವಾದ. ಆದರೆ ಕೊನೆಯ ಪ್ರಶ್ನೆಯ ಕಾಲಮಿನಲ್ಲಿ ಏಳರಲ್ಲಿ ಐದು ಕಡೆ ಬೇರೆ ಬೇರೆ ಮಾತಿನಲ್ಲಿ ಒಂದೇ ಪ್ರಶ್ನೆ ಇತ್ತು: ನಿಮ್ಮ ಖರೀದಿ ಪುಸ್ತಕಕ್ಕೂ ಜಿಎಸ್‌ಟಿಆರ್-2ಬಿಗೂ ವ್ಯತ್ಯಾಸ ಬಂದರೆ ಏನು ಮಾಡುತ್ತೀರಿ?

ಈ ಪ್ರಶ್ನೆ ಏಕೆ ಅಷ್ಟು ಮುಖ್ಯವೆಂದರೆ, 2022ರ ಜನವರಿಯಿಂದ ಸರಬರಾಜುದಾರ ಸಲ್ಲಿಸಿದ ವಿವರ ನಮ್ಮ 2ಬಿಯಲ್ಲಿ, ಅಂದರೆ ಜಿಎಸ್‌ಟಿ ಜಾಲತಾಣ ನಮಗೆ ತಯಾರಿಸಿಕೊಡುವ ಖರೀದಿಯ ಪಟ್ಟಿಯಲ್ಲಿ, ಕಾಣಿಸಿದರೆ ಮಾತ್ರ ಆ ಬಿಲ್ಲಿನ ಮೇಲೆ ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ ಪಡೆಯಲು ಅವಕಾಶವಿದೆ. ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವ ಸರಬರಾಜುದಾರ 11ನೇ ತಾರೀಖಿನೊಳಗೆ ತನ್ನ ಮಾರಾಟದ ವಿವರ ಹಾಕಬೇಕು, 14ಕ್ಕೆ ನಮ್ಮ 2ಬಿ ತಯಾರಾಗುತ್ತದೆ, 20ರೊಳಗೆ ನಾವು ತೆರಿಗೆ ಕಟ್ಟುವ ತಿಂಗಳ ರಿಟರ್ನ್ ಆದ 3ಬಿ ಸಲ್ಲಿಸಬೇಕು. ನಡುವಿನ ಆ ಆರು ದಿನಗಳಲ್ಲಿ ತಾಳೆ ನೋಡುವವರು ಯಾರು ಎಂಬುದೇ ಮ್ಯಾನೇಜರಿಗೆ ಬೇಕಾದ ಉತ್ತರ. ನಮ್ಮ ಕಚೇರಿಯಲ್ಲಿ ನಾನು ಟ್ಯಾಲಿಯಲ್ಲಿ ಬಿಲ್ಲು ಹೊಡೆಯುತ್ತಿದ್ದೆ, ಉಳಿದದ್ದನ್ನು ಹೊರಗಿನ ತೆರಿಗೆ ಸಲಹೆಗಾರರು ನೋಡಿಕೊಳ್ಳುತ್ತಿದ್ದರು. ಹಾಗಾಗಿ ಆ ಪ್ರಶ್ನೆ ಬಂದಾಗಲೆಲ್ಲ ನಾನು ತಡವರಿಸಿ, ಅರ್ಧ ವಾಕ್ಯದಲ್ಲಿ ನಿಂತು, “ಅದನ್ನು ಆಡಿಟರ್ ಮಾಡುತ್ತಾರೆ” ಎನ್ನುತ್ತಿದ್ದೆ. ತಡವರಿಕೆಯನ್ನು ಕಂಡವರು ಕಮ್ಯುನಿಕೇಶನ್ ಎಂದು ಬರೆದರು, ಉತ್ತರವನ್ನು ಕೇಳಿದವರು ಅನುಭವ ಎಂದು ಬರೆದರು. ಇಬ್ಬರೂ ಹೇಳಿದ್ದು ಒಂದೇ ಕೊರತೆಯನ್ನು. ಅದೇ ಸಂದರ್ಶನಗಳಲ್ಲಿ ಬ್ಯಾಂಕ್ ತಾಳೆಪಟ್ಟಿಯ ಬಗ್ಗೆ ಕೇಳಿದಾಗ ಅದೇ ಹರುಕು ಇಂಗ್ಲಿಷಿನಲ್ಲಿ ಹತ್ತು ನಿಮಿಷ ನಿರಾಳವಾಗಿ ಮಾತನಾಡಿದ್ದೆ ಎಂಬುದು ಇದಕ್ಕೆ ಸಾಕ್ಷಿ.

ಆ ಬಳಿಕ ಸಲಹೆಗಾರರನ್ನು ಕೇಳಿಕೊಂಡು ಎರಡು ತಿಂಗಳು, 14ರಿಂದ 20ರವರೆಗೆ, ಸಂಜೆ ಅವರ ಕಚೇರಿಯಲ್ಲಿ ಕುಳಿತು ನಮ್ಮದೇ ಅಂಗಡಿಯ ತಾಳೆ ಮಾಡಿದೆ. ವ್ಯತ್ಯಾಸಗಳು ಹೆಚ್ಚಾಗಿ ನಾಲ್ಕೇ ಬಗೆಯವು: ಸರಬರಾಜುದಾರ ತಡವಾಗಿ ಸಲ್ಲಿಸಿದ್ದು, ಬಿಲ್ಲಿನ ಸಂಖ್ಯೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆದದ್ದು, ನಾವೇ ನಮೂದಿಸಲು ಮರೆತದ್ದು, ಅವರು ನಮ್ಮ ಜಿಎಸ್‌ಟಿ ಸಂಖ್ಯೆಯನ್ನೇ ತಪ್ಪಾಗಿ ಹಾಕಿದ್ದು. ಮುಂದಿನ ಮೂರು ಸಂದರ್ಶನಗಳಲ್ಲಿ ಪ್ರಶ್ನೆ ಬರುವ ಮೊದಲೇ ನಾನು ಈ ಕೆಲಸದ ವಿಚಾರ ಎತ್ತಿದೆ. ಎರಡರಲ್ಲಿ ಮುಂದಿನ ಸುತ್ತಿಗೆ ಕರೆದರು, ಒಂದು ಕಡೆ ಕೆಲಸವಾಯಿತು. ಮೂರನೆಯವರು ನನಗೆ ಸ್ಯಾಪ್ ತಂತ್ರಾಂಶ ಗೊತ್ತಿಲ್ಲವೆಂದು ಬಿಟ್ಟರು. ಅದನ್ನು ಬರೆದುಕೊಂಡೆ, ಆದರೆ ಕಲಿಯಲು ಓಡಲಿಲ್ಲ. ಒಬ್ಬರು ಹೇಳಿದ್ದು ಅವರ ಅಗತ್ಯ. ಒಂದೇ ಹಂತದಲ್ಲಿ ಮೂರು ಸಲ ಮರಳಿ ಬಂದರೆ ಮಾತ್ರ ನನ್ನ ಕೊರತೆ ಎಂದು ನಾನು ಇಟ್ಟುಕೊಂಡ ಲೆಕ್ಕ. ಮೊದಲ ತಿಂಗಳುಗಳಲ್ಲಿ ಪ್ರತಿ ನಿರಾಕರಣೆಗೂ ರೆಸ್ಯೂಮೆಯನ್ನು ತಿದ್ದುತ್ತಿದ್ದೆ, ಇದರಿಂದ ಯಾವ ಬದಲಾವಣೆ ಯಾವುದಕ್ಕೆ ಕೆಲಸ ಮಾಡಿತೆಂದು ಹೇಳಲು ಸಾಧ್ಯವಾಗದೆ ಹೋಯಿತು.

ಕಾರಣವನ್ನು ಕೇಳುವ ಬಗೆಯೂ ಒಂದಿದೆ. “ನನ್ನನ್ನು ಏಕೆ ತೆಗೆದುಕೊಳ್ಳಲಿಲ್ಲ?” ಎಂದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ, ಆಗ ಮತ್ತೆ ಅಚ್ಚಿನ ವಾಕ್ಯವೇ ಬರುತ್ತದೆ. ನಾನು ಎರಡು ದಿನ ಬಿಟ್ಟು, ಎಚ್.ಆರ್.ಗೆ ಅಲ್ಲದೆ ಸಂದರ್ಶನ ಮಾಡಿದವರಿಗೇ, “ಸರ್, ನಿಮ್ಮ ನಿರ್ಧಾರವನ್ನು ಬದಲಿಸಲು ಕೇಳುತ್ತಿಲ್ಲ. ಮುಂದಿನ ಸಂದರ್ಶನಕ್ಕೆ ಮೊದಲು ಯಾವ ಒಂದು ವಿಷಯವನ್ನು ಚೆನ್ನಾಗಿ ತಿಳಿದುಕೊಂಡರೆ ಒಳ್ಳೆಯದು?” ಎಂದು ಬರೆಯುತ್ತಿದ್ದೆ. ಏಳರಲ್ಲಿ ಮೂವರು ಉತ್ತರಿಸಿದರು, ಅವರಲ್ಲಿ ಇಬ್ಬರು ಬರೆದದ್ದು ಜಿಎಸ್‌ಟಿ ತಾಳೆಯನ್ನೇ.

ಕೈ ನಡುಗುವುದರ ಬಗ್ಗೆ: ನಿರಾಕರಣೆ ಬಂದ ದಿನ ನಾನು ಕಾಲಮುಗಳನ್ನು ತುಂಬಿ ಪುಸ್ತಕ ಮುಚ್ಚುತ್ತಿದ್ದೆ, ಕಾರಣ ಹುಡುಕುವುದು ಭಾನುವಾರಕ್ಕೆ ಮಾತ್ರ. ಆ ರಾತ್ರಿ ಹುಡುಕಿದ ಕಾರಣಗಳೆಲ್ಲ “ನನ್ನಿಂದ ಆಗುವುದಿಲ್ಲ” ಎಂಬಲ್ಲಿಗೇ ಹೋಗಿ ನಿಲ್ಲುತ್ತವೆ. ನಾಲ್ಕು ದಿನ ಕಳೆದು ಓದಿದರೆ “2ಬಿ ತಾಳೆ ಗೊತ್ತಿಲ್ಲ” ಎಂಬಷ್ಟು ಚಿಕ್ಕದಾಗಿರುತ್ತವೆ. ಆದರೆ ನೋಟ್‌ಬುಕ್ ಎಲ್ಲವನ್ನೂ ಹೇಳುವುದಿಲ್ಲ. ವಯಸ್ಸು, ಮದುವೆ, ಊರು ಕೇಳಿದ ಮೇಲೆ ತಣ್ಣಗಾದ ಸಂದರ್ಶನಗಳಿಂದ ಕಲಿಯಬೇಕಾದ ಪಾಠ ನಿಮ್ಮ ಕಡೆ ಇಲ್ಲ, ಅವನ್ನು ಲೆಕ್ಕದಿಂದ ಹೊರಗಿಡಿ.

ಕಮ್ಯುನಿಕೇಶನ್ ಎಂದ ಆ ಮೂರು ಕಡೆ ನೀವು ಯಾವ ಪ್ರಶ್ನೆಯಲ್ಲಿ ತಡವರಿಸಿದಿರಿ, ಯಾವುದಕ್ಕೆ ಸಲೀಸಾಗಿ ಉತ್ತರಿಸಿದಿರಿ ಎಂಬುದನ್ನು ನೆನಪಿರುವಷ್ಟು ಇಂದೇ ಬರೆದಿಡಿ. ಎಲ್ಲ ಪ್ರಶ್ನೆಗಳಿಗೂ ಒಂದೇ ರೀತಿ ತಡವರಿಸಿದ್ದರೆ ಭಾಷೆಯ ತರಗತಿಗೆ ಸೇರುವುದು ಸರಿಯೇ. ಒಂದೆರಡು ವಿಷಯಕ್ಕೆ ಮಾತ್ರ ಆಗಿದ್ದರೆ ಅವು ಯಾವುವೆಂದು ಇಲ್ಲಿ ಬರೆಯಿರಿ, ನನಗೆ ಗೊತ್ತಿರುವುದನ್ನು ಹೇಳುತ್ತೇನೆ.