ಪಹಣಿಯ ಖುಷ್ಕಿ, ತರಿ, ಬಾಗಾಯ್ತು, ಖರಾಬು

ಪ್ರಶ್ನೆ: ಬೇಲೂರು ತಾಲ್ಲೂಕಿನ ನಮ್ಮ ಜಮೀನಿನ ಪಹಣಿಯಲ್ಲಿರುವ ಖುಷ್ಕಿ, ತರಿ, ಬಾಗಾಯ್ತು, ಖರಾಬು ಪದಗಳಿಗೆ ಇಂಗ್ಲಿಷ್ ಪತ್ರದಲ್ಲಿ ಏನು ಬರೆಯಬೇಕು?

ಉತ್ತರ: ಮೊದಲ ಮೂರು ಪದಗಳಿಗೆ ಕ್ರಮವಾಗಿ ಡ್ರೈ, ವೆಟ್, ಗಾರ್ಡನ್ ಲ್ಯಾಂಡ್ ಎಂದು ಬರೆದರೆ ಸಾಕು. ಪಾರಸಿಯಲ್ಲಿ ‘ಖುಷ್ಕ್’ ಎಂದರೆ ಒಣಗಿದ್ದು, ‘ತರ್’ ಎಂದರೆ ಒದ್ದೆ, ‘ಬಾಗ್’ ಎಂದರೆ ತೋಟ. ಆದ್ದರಿಂದ ಮಳೆಯಾಶ್ರಿತ ಹೊಲ, ನೀರಾವರಿ ಗದ್ದೆ ಮತ್ತು ಅಡಿಕೆ, ತೆಂಗಿನ ತೋಟಗಳಿಗೆ ಅವು ನೇರವಾಗಿ ಹೊಂದುತ್ತವೆ. ನಮ್ಮ ಕಡೆಯ ಕಾಫಿ ತೋಟಕ್ಕೆ ಮಾತ್ರ ಕಾನೂನಿನಲ್ಲಿ ಪ್ಲಾಂಟೇಷನ್ ಎಂಬ ಬೇರೆ ವರ್ಗವೇ ಇದೆ.

ತೊಡಕಿರುವುದು ಖರಾಬಿನಲ್ಲಿ. ಅರಬ್ಬಿ ಮೂಲದಲ್ಲಿ ಅದಕ್ಕೆ ಹಾಳಾದದ್ದು ಎಂಬ ಅರ್ಥವಿದ್ದರೂ, ಕಂದಾಯದ ಲೆಕ್ಕದಲ್ಲಿ ಅದು ಸರ್ವೆ ನಂಬರಿನೊಳಗೆ ಕಂದಾಯ ನಿಗದಿಯಾಗದೆ ಉಳಿದ ಭಾಗವಾಗಿರುವುದರಿಂದ ವೇಸ್ಟ್ ಲ್ಯಾಂಡ್ ಎಂಬ ಅನುವಾದ ದಾರಿ ತಪ್ಪಿಸುತ್ತದೆ. ‘ಅ’ ಖರಾಬು ಎಂದರೆ ಸರ್ವೆಯ ಕಾಲಕ್ಕೆ ಸಾಗುವಳಿಗೆ ಯೋಗ್ಯವಲ್ಲವೆಂದು ಬಿಟ್ಟ ಜಾಗ. ಹಿಡುವಳಿದಾರರ ಕಣವೂ ಇದರಲ್ಲೇ ಸೇರುತ್ತದೆ. ‘ಬ’ ಖರಾಬು ರಸ್ತೆ, ಹಳ್ಳ, ಸ್ಮಶಾನಗಳಂಥ ಸಾರ್ವಜನಿಕ ಬಳಕೆಗೆ ಬಿಟ್ಟದ್ದು.

ಉದಾಹರಣೆಗೆ, ಒಟ್ಟು 3 ಎಕರೆ 10 ಗುಂಟೆಯಲ್ಲಿ 15 ಗುಂಟೆ ಖರಾಬಿದ್ದರೆ, ಎಕರೆಗೆ 40 ಗುಂಟೆಯಂತೆ ಕಂದಾಯಕ್ಕೆ ಸಿಗುವುದು 2 ಎಕರೆ 35 ಗುಂಟೆ. ಆ 15 ಗುಂಟೆಯಲ್ಲಿ ಹಳ್ಳವೋ ಬಂಡಿದಾರಿಯೋ ಹಾದಿದ್ದು ಅದು ‘ಬ’ ಖರಾಬಾಗಿದ್ದರೆ ಅದನ್ನು ಮಾರುವ ವಿಸ್ತೀರ್ಣಕ್ಕೆ ಸೇರಿಸಲಾಗದು. ಹೀಗಾಗಿ ಇಂಗ್ಲಿಷ್ ಕ್ರಯಪತ್ರದಲ್ಲೂ ಖರಾಬು ಪದವನ್ನೇ ಉಳಿಸಿ, ಅದು ‘ಅ’ ವರ್ಗವೋ ‘ಬ’ ವರ್ಗವೋ ಎಂದು ಆಕಾರಬಂದ್ ನೋಡಿ ನಮೂದಿಸುವುದು ಒಳ್ಳೆಯದು.