ಎಟಿಎಂನಲ್ಲಿ ದುಡ್ಡು ಬರಲಿಲ್ಲ, ಬ್ರಾಂಚ್‌ನಲ್ಲಿ ‘ಬರುತ್ತೆ’ ಅಂತಾರೆ: ದೂರು ಯಾರಿಗೆ, ಹೇಗೆ ಬರೆಯೋದು?

ಪ್ರಶ್ನೆ: ಬೇರೆ ಬ್ಯಾಂಕಿನ ಎಟಿಎಂನಲ್ಲಿ 8,000 ರೂಪಾಯಿ ತೆಗೆಯಲು ಹೋದೆ. ನೋಟು ಬರಲಿಲ್ಲ, ಖಾತೆಯಲ್ಲಿ ಕಡಿತವಾಗಿದೆ. ಮೂರು ವಾರದಿಂದ ಬ್ರಾಂಚ್‌ಗೆ ಅಲೆಯುತ್ತಿದ್ದೇನೆ. ಒಂಬುಡ್ಸ್‌ಮನ್‌ಗೆ ನೇರವಾಗಿ ಬರೆಯಬಹುದಾ?

ಒಂಬುಡ್ಸ್‌ಮನ್ ಅಂದರೆ ಬ್ಯಾಂಕ್‌ಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ. ಅವರಿಗೆ ಈಗಲೇ ಬರೆದರೆ ನಿಮ್ಮ ದೂರು ಮುಚ್ಚಿಹೋಗುತ್ತದೆ. ಮೊದಲು ನಿಮ್ಮ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟಿರಬೇಕು. ಅದನ್ನು ಅವರು ತಿರಸ್ಕರಿಸಿರಬೇಕು, ಅಥವಾ ನಿಮಗೆ ಒಪ್ಪಿಗೆಯಾಗದ ಉತ್ತರ ಕೊಟ್ಟಿರಬೇಕು, ಅಥವಾ 30 ದಿನ ಕಳೆದರೂ ಉತ್ತರ ಬಂದಿರಬಾರದು. ಆಮೇಲಷ್ಟೇ ಒಂಬುಡ್ಸ್‌ಮನ್. ಕೌಂಟರ್ ಮುಂದೆ ನಿಂತು ಬಾಯಲ್ಲಿ ಹೇಳಿದ ಮೂರು ವಾರ ಈ ಲೆಕ್ಕಕ್ಕೆ ಬರುವುದಿಲ್ಲ. ಓದಿದರೆ ಸಿಟ್ಟು ಬರುತ್ತದೆ, ನನಗೂ ಬಂದಿತ್ತು.

2024ರ ಮಾರ್ಚ್ 3ರಂದು ನನಗೂ ಹೀಗೇ ಆಯಿತು. 10,000 ರೂಪಾಯಿ ಕಡಿತವಾಯಿತು, ಒಂದು ನೋಟೂ ಬರಲಿಲ್ಲ. ಎರಡು ವಾರ ಸುಮ್ನೆ ಬ್ರಾಂಚ್‌ಗೆ ಓಡಾಡಿದೆ. ಮಾರ್ಚ್ 18ಕ್ಕೆ ಕಾಗದ ಬರೆದು ಕೊಟ್ಟೆ. ನಿಜವಾದ ದಿನದ ಎಣಿಕೆ ಶುರುವಾಗಿದ್ದು ಅವತ್ತಿಂದ.

ದೂರು ಕೊಡಬೇಕಾದ್ದು ನಿಮ್ಮ ಖಾತೆ ಇರುವ ಬ್ಯಾಂಕಿಗೆ. ಎಟಿಎಂ ಯಾರದ್ದೇ ಆಗಿರಲಿ, ಕಾರ್ಡ್ ಕೊಟ್ಟ ಬ್ಯಾಂಕೇ ಇದಕ್ಕೆ ಉತ್ತರ ಹೇಳಬೇಕು. ‘ಆ ಬ್ಯಾಂಕಿಗೇ ಹೋಗಿ ಕೇಳಿ’ ಅಂದರೆ ಒಪ್ಪಿಕೊಳ್ಳಬೇಡಿ.

ಬ್ರಾಂಚ್‌ಗೆ ಕೊಡುವ ಕಾಗದ ಅರ್ಧ ಪುಟ ಇದ್ದರೆ ಸಾಕು. ಎಷ್ಟು ಸಲ ಬಂದೆ, ಯಾರು ಹೇಗೆ ಮಾತಾಡಿದರು ಅನ್ನುವುದನ್ನೆಲ್ಲ ಬಿಡಿ. ನಾನು ಬರೆದದ್ದು ಹೀಗಿತ್ತು:

“ಮ್ಯಾನೇಜರ್ ಅವರಿಗೆ. ನನ್ನ ಉಳಿತಾಯ ಖಾತೆಯ ಕೊನೆಯ ನಾಲ್ಕು ಅಂಕಿ ಇಂತಿಷ್ಟು. 3-3-2024ರಂದು ಸಂಜೆ ಇಷ್ಟು ಗಂಟೆಗೆ, ಈ ಜಾಗದ ಎಟಿಎಂನಲ್ಲಿ 10,000 ರೂಪಾಯಿ ಕೇಳಿದೆ. ನಗದು ಬರಲಿಲ್ಲ, ಖಾತೆಯಿಂದ ಕಡಿತವಾಗಿದೆ. ಎಸ್‌ಎಂಎಸ್‌ನಲ್ಲಿರುವ ವ್ಯವಹಾರ ಸಂಖ್ಯೆ ಇದು. ರಿಸರ್ವ್ ಬ್ಯಾಂಕಿನ 20-9-2019ರ ಸುತ್ತೋಲೆಯ ಪ್ರಕಾರ ಈ ಹಣ 8-3-2024ರೊಳಗೆ ವಾಪಸ್ ಜಮಾ ಆಗಬೇಕಿತ್ತು. 10,000 ರೂಪಾಯಿಯನ್ನೂ, ಆ ದಿನದ ನಂತರ ತಡವಾದ ಪ್ರತಿ ದಿನಕ್ಕೆ 100 ರೂಪಾಯಿಯನ್ನೂ ಜಮಾ ಮಾಡಿ. ಆ ಹೊತ್ತಿನ ಸಿಸಿಟಿವಿ ದೃಶ್ಯವನ್ನು ಅಳಿಸದಂತೆ ಎಟಿಎಂ ಬ್ಯಾಂಕಿಗೆ ತಿಳಿಸಿ.”

ಆ ಸುತ್ತೋಲೆಯ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ವ್ಯವಹಾರ ನಡೆದ ದಿನ ಬಿಟ್ಟು ಐದು ದಿನದೊಳಗೆ ಹಣ ತಾನಾಗಿ ವಾಪಸ್ ಬರಬೇಕು. ಆಮೇಲೆ ದಿನಕ್ಕೆ 100 ರೂಪಾಯಿ. ನಿಯಮದ ಪ್ರಕಾರ ಆ ಪರಿಹಾರವನ್ನು ನೀವು ಕೇಳುವ ಅಗತ್ಯವೇ ಇಲ್ಲ, ಬ್ಯಾಂಕ್ ತಾನಾಗಿ ಕೊಡಬೇಕು. ಆದರೂ ಕಾಗದದಲ್ಲಿ ಬರೆದೇ ಬಿಡಿ. ಮುಂದಿನ ಪ್ರತಿ ಹಂತದಲ್ಲೂ ಇದೇ ಕಾಗದ ನಿಮ್ಮ ಪರವಾಗಿ ಮಾತಾಡುತ್ತದೆ.

ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಸೀಲ್, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಜಗಳ ಬೇಡ. ಅದೇ ಮಾತನ್ನು ಬ್ಯಾಂಕಿನ ವೆಬ್‌ಸೈಟ್‌ನ ದೂರು ವಿಭಾಗದಲ್ಲಿ ಹಾಕಿ, ದೂರು ಸಂಖ್ಯೆ ತೆಗೆದುಕೊಳ್ಳಿ. ಪಿನ್, ಓಟಿಪಿ, ಪೂರ್ತಿ ಕಾರ್ಡ್ ಸಂಖ್ಯೆಯನ್ನು ಎಲ್ಲೂ ಬರೆಯಬೇಡಿ.

ನನಗೆ ಏಪ್ರಿಲ್ 4ಕ್ಕೆ ಒಂದು ಸಾಲಿನ ಉತ್ತರ ಬಂತು: “ದಾಖಲೆ ಪ್ರಕಾರ ವ್ಯವಹಾರ ಯಶಸ್ವಿಯಾಗಿದೆ, ದೂರು ಮುಕ್ತಾಯ.” ಜಾಸ್ತಿ ಜನ ಕೈಬಿಡುವುದು ಇಲ್ಲೇ. ಇದರ ಅರ್ಥ ಇಷ್ಟೇ: ಎಟಿಎಂ ಯಂತ್ರ ತಾನೇ ಬರೆದುಕೊಳ್ಳುವ ಇಜೆ ಲಾಗ್‌ನಲ್ಲಿ ನೋಟು ಎಣಿಸಿ ಕೊಟ್ಟಂತೆ ಇದೆ. ಆದರೆ ನೋಟು ಒಳಗೇ ಸಿಕ್ಕಿಕೊಂಡಿದ್ದರೆ ಯಂತ್ರದಲ್ಲಿ ಉಳಿದ ನಗದು ಲೆಕ್ಕಕ್ಕಿಂತ ಹೆಚ್ಚಿರಬೇಕು ಅಲ್ವಾ? ಹಾಗಾಗಿ ನಗದು ತಾಳೆಯ ವರದಿಯನ್ನೂ ನೋಡಬೇಕು. ಇದನ್ನು ಕೇಳಲು ಸರಿಯಾದ ಜಾಗ ಎರಡನೇ ಮೆಟ್ಟಿಲು, ಅಂದರೆ ನೋಡಲ್ ಅಧಿಕಾರಿ. ಕೆಲವು ಕಡೆ ಕುಂದುಕೊರತೆ ಅಧಿಕಾರಿ ಅಂತಲೂ ಕರೆಯುತ್ತಾರೆ. ಅವರ ಹೆಸರು, ಇಮೇಲ್ ಬ್ರಾಂಚ್‌ನ ಸೂಚನಾ ಫಲಕದಲ್ಲೂ ಬ್ಯಾಂಕಿನ ವೆಬ್‌ಸೈಟ್‌ನಲ್ಲೂ ಇರುತ್ತದೆ. ಅವರ ಮೇಲೆ ಪ್ರಧಾನ ನೋಡಲ್ ಅಧಿಕಾರಿ ಇರುತ್ತಾರೆ. ನಾನು ಇಬ್ಬರಿಗೂ ಒಂದೇ ಇಮೇಲ್ ಕಳಿಸಿದೆ:

“18-3-2024ರ ದೂರು, ಸಂಖ್ಯೆ ಇಂತಿಷ್ಟು, 4-4-2024ರಂದು ತಿರಸ್ಕೃತವಾಗಿದೆ. ಎರಡೂ ಲಗತ್ತಿಸಿದ್ದೇನೆ. ಆ ದಿನದ ಇಜೆ ಲಾಗ್, ನಗದು ತಾಳೆ ವರದಿ, ಸಿಸಿಟಿವಿ ದೃಶ್ಯ ಈ ಮೂರನ್ನೂ ನೋಡಿ ತೀರ್ಮಾನಿಸಿದ್ದೀರಾ? ಪ್ರತಿಗಳನ್ನು ಕೊಡಿ. ದೂರು ತಿರಸ್ಕರಿಸುವ ಮುನ್ನ ಆಂತರಿಕ ಒಂಬುಡ್ಸ್‌ಮನ್ ಪರಿಶೀಲಿಸಿದ್ದಾರೆಯೇ ಎಂದು ಉತ್ತರದಲ್ಲಿ ಇಲ್ಲ. ದಯವಿಟ್ಟು ತಿಳಿಸಿ.”

ಆ ಕೊನೆಯ ಮಾತಿಗೆ ತೂಕ ಇದೆ. ಹತ್ತಕ್ಕಿಂತ ಹೆಚ್ಚು ಶಾಖೆಗಳಿರುವ ವಾಣಿಜ್ಯ ಬ್ಯಾಂಕ್‌ಗಳಲ್ಲಿ ಆಂತರಿಕ ಒಂಬುಡ್ಸ್‌ಮನ್ ಇರುತ್ತಾರೆ. ದೂರನ್ನು ಪೂರ್ತಿಯಾಗಲಿ ಭಾಗಶಃ ಆಗಲಿ ತಿರಸ್ಕರಿಸುವ ಮೊದಲು ಬ್ಯಾಂಕ್ ಅದನ್ನು ಅವರ ಮುಂದಿಡಬೇಕು. ನಾವು ನೇರವಾಗಿ ಅವರ ಹತ್ತಿರ ಹೋಗುವ ಹಾಗಿಲ್ಲ, ಆದರೆ ಕಡತ ಅಲ್ಲಿಗೆ ಹೋಗಿತ್ತಾ ಅಂತ ಕೇಳಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪ್ರತಿ ಮೆಟ್ಟಿಲಿಗೂ ಬೇರೆ ಬೇರೆ 30 ದಿನ ಕಾಯಬೇಕು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಬ್ಯಾಂಕಿಗೆ ಮೊದಲ ದೂರು ತಲುಪಿದ ದಿನದಿಂದ ಒಂದೇ ಎಣಿಕೆ. ನನ್ನದು ತಿರಸ್ಕೃತವಾಗಿತ್ತಾದ್ದರಿಂದ ಏಪ್ರಿಲ್ 4ಕ್ಕೇ ಹೋಗಬಹುದಿತ್ತು. ದಾಖಲೆಗಳ ಬಗ್ಗೆ ಉತ್ತರ ಬಂದೀತು ಅಂತ ಎರಡು ವಾರ ಕಾದೆ. ಬರಲಿಲ್ಲ.

ಏಪ್ರಿಲ್ 19ಕ್ಕೆ `https://cms.rbi.org.in` ತಾಣದಲ್ಲಿ ದೂರು ಹಾಕಿದೆ. ಇದಕ್ಕೆ ಶುಲ್ಕ ಇಲ್ಲ, ವಕೀಲರೂ ಬೇಡ. ಅಂಚೆಯಲ್ಲಿ ಕಳಿಸುವುದಾದರೆ ಚಂಡೀಗಢದಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಕಳಿಸಬೇಕು. ಅಲ್ಲಿಗೆ ಕನ್ನಡದಲ್ಲೂ ಬರೆಯಬಹುದು. ಅನುಮಾನ ಇದ್ದರೆ 14448ಕ್ಕೆ ಕರೆ ಮಾಡಿ.

ಅರ್ಜಿಯಲ್ಲಿ ‘ಬ್ಯಾಂಕಿಗೆ ಮೊದಲೇ ಬರಹದಲ್ಲಿ ದೂರು ಕೊಟ್ಟಿದ್ದೀರಾ’ ಅಂತ ಕೇಳುತ್ತದೆ. ಅಲ್ಲಿ ಆ ಮೊದಲ ಕಾಗದದ ದಿನಾಂಕ ಹಾಕಿ, ಸೀಲ್ ಇರುವ ಪ್ರತಿ ಸೇರಿಸಿ. ಅದೇ ವಿಷಯ ಕೋರ್ಟಿನಲ್ಲಿದ್ದರೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ವಿವರದ ಜಾಗದಲ್ಲಿ ನಾನು ದಿನಾಂಕಗಳನ್ನಷ್ಟೇ ಸಾಲಾಗಿ ಬರೆದೆ. ಮಾರ್ಚ್ 3 ಕಡಿತ, ಮಾರ್ಚ್ 18 ದೂರು, ಏಪ್ರಿಲ್ 4 ತಿರಸ್ಕಾರ, ಆಮೇಲೆ ನೋಡಲ್ ಅಧಿಕಾರಿಗೆ ಇಮೇಲ್, ಉತ್ತರ ಇಲ್ಲ. ಕೊನೆಗೆ ನನ್ನ ಬೇಡಿಕೆ: “10,000 ರೂಪಾಯಿ, ಮತ್ತು 8-3-2024ರ ನಂತರ ಹಣ ಜಮಾ ಆಗುವ ದಿನದವರೆಗೆ ದಿನಕ್ಕೆ 100 ರೂಪಾಯಿ.” ಬೇಡಿಕೆಯನ್ನು ಹೀಗೆ ಅಂಕಿಯಲ್ಲೇ ಬರೆಯಿರಿ. ‘ನ್ಯಾಯ ಕೊಡಿಸಿ’ ಅಂತ ಬರೆದರೆ ಬ್ಯಾಂಕಿಗೆ ಎಷ್ಟು ಕೊಡಲು ಹೇಳಬೇಕು ಅನ್ನುವುದೇ ಅವರಿಗೆ ಗೊತ್ತಾಗುವುದಿಲ್ಲ.

ಒಂಬುಡ್ಸ್‌ಮನ್ ಕಚೇರಿಯಿಂದ ಬ್ಯಾಂಕಿಗೆ ನೋಟಿಸ್ ಹೋದ ಮೇಲೆ ಎಲ್ಲ ಚುರುಕಾಯಿತು. ಮೇ 6ಕ್ಕೆ 10,000 ರೂಪಾಯಿ ಖಾತೆಗೆ ಬಂತು. ಅದೇ ಸಂಜೆ ಬ್ಯಾಂಕಿನವರ ಫೋನ್: “ಹಣ ಬಂತಲ್ಲ ಸರ್, ದೂರು ವಾಪಸ್ ತಗೊಳ್ಳಿ.” ನಿಮಗೂ ಈ ಕರೆ ಬರಬಹುದು. ಆಗ ಲೆಕ್ಕ ಹಾಕಿ. ನನಗೆ ಮಾರ್ಚ್ 8ರಿಂದ ಮೇ 6ಕ್ಕೆ 59 ದಿನ, ಅಂದರೆ 5,900 ರೂಪಾಯಿ ಇನ್ನೂ ಬರಬೇಕಿತ್ತು. “ಅದನ್ನೂ ಹಾಕಿ, ಆಮೇಲೆ ಮಾತಾಡೋಣ” ಅಂದೆ. ಒಂಬುಡ್ಸ್‌ಮನ್ ಕಚೇರಿಗೂ ಒಂದು ಸಾಲು ಬರೆದೆ: “ಅಸಲು ಬಂದಿದೆ, 5,900 ರೂಪಾಯಿ ಪರಿಹಾರ ಬಂದಿಲ್ಲ, ದೂರು ಮುಂದುವರಿಯಲಿ.” ಒಂಬತ್ತು ದಿನದಲ್ಲಿ ಅದೂ ಬಂತು. ಪಾಸ್‌ಬುಕ್‌ನಲ್ಲಿ ಎರಡೂ ಜಮಾ ನೋಡಿದ ಮೇಲೆಯೇ ಒಪ್ಪಿಗೆ ಅಂತ ಬರೆದುಕೊಟ್ಟೆ.